ಸರಾಸರಿ ಇನರ್ಷಿಯಾ ಏಕೆ ಸಲ್ಲದು: ನಡುವೆ ಬಲಪಡಿಸಿದ ತೊಲೆ ಮತ್ತು ಕಾಂಜುಗೇಟ್ ಬೀಮ್ ವಿಧಾನ

ಎರಡು ಗೋಡೆಗಳ ಮೇಲೆ ಸರಳವಾಗಿ ಕೂತ ಉಕ್ಕಿನ ತೊಲೆಯೊಂದರ ನಡುಭಾಗಕ್ಕೆ ಮಾತ್ರ ಮೇಲೂ ಕೆಳಗೂ ಪಟ್ಟಿ ವೆಲ್ಡ್ ಮಾಡಿ ಬಲಪಡಿಸುವುದು ಬಹಳ ಹಳೆಯ ಪದ್ಧತಿ. ಬೆಂಡಿಂಗ್ ಮೊಮೆಂಟ್ ನಡುವೆ ಹೆಚ್ಚು, ತುದಿಗಳಲ್ಲಿ ಸೊನ್ನೆ. ಆದ್ದರಿಂದ ಉಕ್ಕನ್ನು ಬೇಕಾದ ಕಡೆ ಮಾತ್ರ ಹಾಕಿದರೆ ಸಾಕು. ಪೀಡನದ ಲೆಕ್ಕಕ್ಕೆ ಈ ತೊಲೆಯಿಂದ ತೊಂದರೆಯೇನಿಲ್ಲ, ಏಕೆಂದರೆ ಪ್ರತಿ ಬಿಂದುವಿನಲ್ಲೂ ಆಯಾ ಜಾಗದ ಮೊಮೆಂಟನ್ನು ಆಯಾ ಜಾಗದ ಸೆಕ್ಷನ್ ಮಾಡ್ಯುಲಸ್‌ನಿಂದ ಭಾಗಿಸಿದರೆ ಉತ್ತರ ಸಿಗುತ್ತದೆ. ತೊಲೆ ಎಷ್ಟು ಜಗ್ಗುತ್ತದೆ, ತುದಿಯಲ್ಲಿ ಎಷ್ಟು ಓರೆಯಾಗುತ್ತದೆ ಎಂದು ಕೇಳಿದಾಗ ಮಾತ್ರ ಕಷ್ಟ ಶುರುವಾಗುತ್ತದೆ. ಕೈಪಿಡಿಗಳಲ್ಲಿ ಸಿಗುವ ಸಿದ್ಧ ಸೂತ್ರಗಳಲ್ಲಿ ಹೆಚ್ಚಿನವು ಉದ್ದಕ್ಕೂ ಒಂದೇ ಛೇದವಿದೆ ಎಂದುಕೊಂಡು ಬರೆದವು. ಅವುಗಳಲ್ಲಿ `I` ಎಂಬ ಅಕ್ಷರಕ್ಕೆ ಒಂದೇ ಬೆಲೆ. ಈ ತೊಲೆಗೆ ಎರಡು ಬೆಲೆಗಳಿವೆ. ಆಗ ಬಹಳ ಮಂದಿ ಎರಡರ ಸರಾಸರಿ ತೆಗೆದು ಸೂತ್ರಕ್ಕೆ ಹಾಕಿಬಿಡುತ್ತಾರೆ. ಅದು ಸಣ್ಣಪುಟ್ಟ ಅಂದಾಜಿನ ತಪ್ಪಲ್ಲ, ತತ್ವದಲ್ಲೇ ತಪ್ಪು. ಆ ತಪ್ಪು ಎಲ್ಲಿದೆ ಎಂಬುದನ್ನು ಕಣ್ಣಿಗೆ ಕಾಣುವಂತೆ ತೋರಿಸುವುದರಲ್ಲಿ ಕಾಂಜುಗೇಟ್ ಬೀಮ್ ವಿಧಾನಕ್ಕೆ ಸಾಟಿಯಾದ ಇನ್ನೊಂದು ಕೈಲೆಕ್ಕದ ವಿಧಾನವಿಲ್ಲ.

ವಿಧಾನದ ಬೇರು ಒಂದು ಹೋಲಿಕೆಯಲ್ಲಿದೆ. ತೊಲೆಯ ಮೇಲಿನ ಭಾರವನ್ನು ಎಡದಿಂದ ಬಲಕ್ಕೆ ಕೂಡಿಸುತ್ತ ಹೋದರೆ ಶಿಯರ್ ಬಲ ಸಿಗುತ್ತದೆ. ಶಿಯರನ್ನು ಕೂಡಿಸುತ್ತ ಹೋದರೆ ಬೆಂಡಿಂಗ್ ಮೊಮೆಂಟ್ ಸಿಗುತ್ತದೆ. ಅತ್ತ, ತೊಲೆಯ ವಕ್ರತೆಯನ್ನು ಕೂಡಿಸುತ್ತ ಹೋದರೆ ಓರೆ ಸಿಗುತ್ತದೆ; ಓರೆಯನ್ನು ಕೂಡಿಸುತ್ತ ಹೋದರೆ ಜಗ್ಗು ಸಿಗುತ್ತದೆ. ಎರಡೂ ಒಂದೇ ಲೆಕ್ಕ, ಹೆಸರು ಮಾತ್ರ ಬೇರೆ. ಸೂತ್ರದಲ್ಲಿ ಬರೆದರೆ ಹೀಗೆ:

```
dV/dx = -w        dM/dx = V
dθ/dx = -M/EI     dy/dx = θ
```

ಇಲ್ಲಿ `y` ಕೆಳಮುಖವಾಗಿ ಅಳೆದ ಜಗ್ಗು, `θ` ಅದರ ಓರೆ. ಮೇಲಿನ ಸಾಲಿನ ಭಾರ `w` ಇದ್ದ ಜಾಗದಲ್ಲಿ ಕೆಳಗಿನ ಸಾಲಿನಲ್ಲಿ `M/EI` ಕೂತಿದೆ. ಹಾಗಾದರೆ ನಿಜವಾದ ತೊಲೆಯಷ್ಟೇ ಉದ್ದದ ಒಂದು ಕಲ್ಪಿತ ತೊಲೆಯನ್ನು ತೆಗೆದುಕೊಂಡು, ಅದರ ಮೇಲೆ `M/EI` ನಕ್ಷೆಯನ್ನೇ ಭಾರವಾಗಿ ಹೇರಿದರೆ, ಆ ಕಲ್ಪಿತ ತೊಲೆಯ ಶಿಯರೇ ನಿಜವಾದ ತೊಲೆಯ ಓರೆ. ಅದರ ಮೊಮೆಂಟೇ ನಿಜವಾದ ತೊಲೆಯ ಜಗ್ಗು. ಈ ಹೋಲಿಕೆಯನ್ನು ಜರ್ಮನಿಯ ಆಟೋ ಮೋರ್ 1868ರಲ್ಲಿ ಪ್ರಕಟಿಸಿದ. ಕಲ್ಪಿತ ತೊಲೆಗೆ ಯಾವ ಆಸರೆ ಕೊಡಬೇಕು ಎಂಬ ನಿಯಮಗಳನ್ನು ಕೂಡಿಸಿ ಅದನ್ನು ಕಾಂಜುಗೇಟ್ ಬೀಮ್ ಎಂಬ ಹೆಸರಿನಲ್ಲಿ ವ್ಯವಸ್ಥಿತವಾಗಿ ಮಂಡಿಸಿದವರಲ್ಲಿ ಹೆರಾಲ್ಡ್ ವೆಸ್ಟರ್‌ಗಾರ್ಡ್ ಪ್ರಮುಖ. ಅವರ ಲೇಖನ ಬಂದದ್ದು 1921ರಲ್ಲಿ.

ಆಸರೆಯ ನಿಯಮ ಸರಳ ತೊಲೆಯ ಮಟ್ಟಿಗೆ ಬಹಳ ಸುಲಭ. ನಿಜವಾದ ತೊಲೆಯ ತುದಿ ಕೆಳಗಿಳಿಯದು, ಆದರೆ ತಿರುಗಬಲ್ಲುದು. ಅಂದರೆ ಅಲ್ಲಿ ಜಗ್ಗು ಸೊನ್ನೆ, ಓರೆ ಸೊನ್ನೆಯಲ್ಲ. ಕಲ್ಪಿತ ತೊಲೆಯ ಭಾಷೆಯಲ್ಲಿ ಅದು ಮೊಮೆಂಟ್ ಸೊನ್ನೆ, ಶಿಯರ್ ಸೊನ್ನೆಯಲ್ಲ ಎಂದಾಗುತ್ತದೆ. ಅಂಥ ತುದಿ ಸರಳ ಆಸರೆಯೇ. ಹೀಗಾಗಿ ಸರಳ ತೊಲೆಯ ಕಾಂಜುಗೇಟ್ ತೊಲೆಯೂ ಸರಳ ತೊಲೆಯೇ ಆಗಿರುತ್ತದೆ. ಒಂದು ಕಡೆ ಬಿಗಿಯಾಗಿ ಹುದುಗಿಸಿ ಇನ್ನೊಂದು ಕಡೆ ಚಾಚಿದ ತೊಲೆಯಾಗಿದ್ದರೆ ಬಿಗಿ ತುದಿಯೂ ಬಿಟ್ಟ ತುದಿಯೂ ಅದಲುಬದಲಾಗುತ್ತಿದ್ದವು. ಇಲ್ಲಿ ಆ ಗೊಂದಲವಿಲ್ಲ.

ಇನ್ನು ಛೇದ ಬದಲಾಗುವ ಮಾತು. ಕಲ್ಪಿತ ತೊಲೆಯ ಶಿಯರನ್ನೂ ಮೊಮೆಂಟನ್ನೂ ಸಮತೋಲದಿಂದಲೇ ಕಂಡುಹಿಡಿಯುತ್ತೇವೆ; ಅದು ಎಷ್ಟು ಗಡುಸು ಎಂಬ ಪ್ರಶ್ನೆ ಏಳುವುದೇ ಇಲ್ಲ. ಅದಕ್ಕೆ `E` ಇಲ್ಲ, `I` ಇಲ್ಲ, ದಪ್ಪ ತೆಳುವಿನ ಭೇದವಿಲ್ಲ. ನಿಜವಾದ ತೊಲೆಯ ಬೆಂಡಿಂಗ್ ಮೊಮೆಂಟ್ ಕೂಡ, ತೊಲೆ ಸರಳವಾಗಿ ಕೂತಿರುವುದರಿಂದ, ಬರೀ ಸಮತೋಲದಿಂದ ಬರುತ್ತದೆ. ಪಟ್ಟಿ ವೆಲ್ಡ್ ಮಾಡಿದರೂ ಮಾಡದಿದ್ದರೂ ಮೊಮೆಂಟಿನ ನಕ್ಷೆ ಅದೇ. ಹಾಗಾದರೆ ಪಟ್ಟಿ ಇದೆ ಎಂಬ ಸಂಗತಿ ಲೆಕ್ಕದೊಳಗೆ ಬರುವುದು ಎಲ್ಲಿಂದ? ಒಂದೇ ಬಾಗಿಲಿನಿಂದ: ಕಲ್ಪಿತ ತೊಲೆಯ ಮೇಲೆ ಹೇರುವ ಭಾರದಿಂದ. ಪಟ್ಟಿ ಇದ್ದ ಕಡೆ `I` ದುಪ್ಪಟ್ಟಾಗಿದ್ದರೆ ಅಲ್ಲಿಯ ಭಾರ ಅರ್ಧವಾಗುತ್ತದೆ. ಪಟ್ಟಿ ಶುರುವಾಗುವ ಬಿಂದುವಿನಲ್ಲಿ ಭಾರದ ನಕ್ಷೆ ಮೆಟ್ಟಿಲು ಇಳಿದಂತೆ ತಟ್ಟನೆ ಕುಸಿಯುತ್ತದೆ. ಇಷ್ಟೇ ಬದಲಾವಣೆ. ಗಡುಸಿನ ಪ್ರಶ್ನೆ ಭಾರ ಎಲ್ಲಿ ಎಷ್ಟಿದೆ ಎಂಬ ಪ್ರಶ್ನೆಯಾಗಿ ಮಾರ್ಪಟ್ಟಿತು. ತೊಲೆಯ ಮೇಲೆ ಭಾರ ಎಲ್ಲಿ ಕೂತರೆ ಏನಾಗುತ್ತದೆ ಎಂಬುದು ತೊಲೆಯ ಲೆಕ್ಕ ಬಲ್ಲ ಯಾರಿಗಾದರೂ ಗೊತ್ತು. ನಡುವೆ ಇಟ್ಟ ಹತ್ತು ಮೂಟೆ ಗೋಡೆಯ ಪಕ್ಕ ಇಟ್ಟ ಹತ್ತು ಮೂಟೆಗೆ ಸಮವಲ್ಲ. ಸರಾಸರಿ ತೆಗೆಯುವವರು ಮರೆಯುವುದು ಇದನ್ನೇ.

ಒಂದು ನಿಜವಾದ ಛೇದವನ್ನು ಹಿಡಿದು ಲೆಕ್ಕ ಮಾಡಿದರೆ ಮಾತು ಸ್ಪಷ್ಟವಾಗುತ್ತದೆ. ಭಾರತದ ಕಟ್ಟಡಗಳಲ್ಲಿ ಎಲ್ಲೆಡೆ ಬಳಕೆಯಲ್ಲಿರುವ ಐಎಸ್‌ಎಂಬಿ 300 ಎಂಬ ಉಕ್ಕಿನ ತೊಲೆಯ ಎತ್ತರ 300 ಮಿಲಿಮೀಟರ್, ಚಾಚುಪಟ್ಟಿಯ ಅಗಲ 140 ಮಿಲಿಮೀಟರ್, ಇನರ್ಷಿಯಾ 8,603.6 ಸೆಂ.ಮೀ⁴. ಇದನ್ನು 8 ಮೀಟರ್ ಅಂತರದ ಎರಡು ಆಸರೆಗಳ ಮೇಲೆ ಕೂರಿಸಿ ನಡುಮಧ್ಯೆ 60 ಕಿಲೋನ್ಯೂಟನ್, ಅಂದರೆ ಸುಮಾರು ಆರು ಟನ್, ಭಾರ ಇಡಬೇಕಾಗಿದೆ ಎನ್ನೋಣ. ತೊಲೆಯ ಸ್ವಂತ ತೂಕವನ್ನು ಸದ್ಯಕ್ಕೆ ಬದಿಗಿಡಬಹುದು. ನಡುವಿನ ಮೊಮೆಂಟ್ 120 ಕಿಲೋನ್ಯೂಟನ್-ಮೀಟರ್. ಬರಿಯ ತೊಲೆಯಲ್ಲಿ ಅದರಿಂದ ಹುಟ್ಟುವ ಪೀಡನ ಚದರ ಮಿಲಿಮೀಟರಿಗೆ ಸುಮಾರು 209 ನ್ಯೂಟನ್. ಮೇಲಿನ ಚಾಚುಪಟ್ಟಿಗೆ ಪಕ್ಕದ ಆಧಾರ ಸರಿಯಾಗಿದ್ದರೂ ಸಾಮಾನ್ಯ ಉಕ್ಕಿಗೆ ಹಳೆಯ ಐಎಸ್ 800ರ ಅನುಮತಿ 165 ಮಾತ್ರ. ಆದ್ದರಿಂದ ನಡುವಿನ 4 ಮೀಟರಿಗೆ, ಅಂದರೆ ಎಡ ತುದಿಯಿಂದ 2 ಮೀಟರಿನಿಂದ 6 ಮೀಟರಿನವರೆಗೆ, ಮೇಲೊಂದು ಕೆಳಗೊಂದು 180 ಮಿಲಿಮೀಟರ್ ಅಗಲ, 10 ಮಿಲಿಮೀಟರ್ ದಪ್ಪದ ಕವರ್ ಪ್ಲೇಟ್ ವೆಲ್ಡ್ ಮಾಡಲಾಗಿದೆ. ಪ್ಲೇಟಿನ ನಡು ತೊಲೆಯ ನಡುವಿನಿಂದ 155 ಮಿಲಿಮೀಟರ್ ದೂರವಿರುವುದರಿಂದ ಎರಡು ಪ್ಲೇಟುಗಳೂ ಸೇರಿ ಸುಮಾರು 8,650 ಸೆಂ.ಮೀ⁴ ಕೂಡಿಸುತ್ತವೆ. ಹೆಚ್ಚುಕಡಿಮೆ ತೊಲೆಯ ಸ್ವಂತ ಇನರ್ಷಿಯಾದಷ್ಟೇ! ಆದ್ದರಿಂದ ನಡುಭಾಗದ ಇನರ್ಷಿಯಾ `2I` ಎಂದು ನಿಶ್ಚಿಂತೆಯಿಂದ ಬರೆಯಬಹುದು. ನಡುವಿನ ಪೀಡನ ಈಗ 111ಕ್ಕೆ ಇಳಿಯಿತು; ಪ್ಲೇಟ್ ಮುಗಿಯುವಲ್ಲಿ ಬರಿಯ ತೊಲೆಯ ಪೀಡನ 105. ಎರಡೂ ಕ್ಷೇಮ.

ಜಗ್ಗಿನ ಲೆಕ್ಕಕ್ಕೆ ಬರೋಣ. ಉಕ್ಕಿನ `E` ಚದರ ಮಿಲಿಮೀಟರಿಗೆ 2,00,000 ನ್ಯೂಟನ್ ಎಂದಿಟ್ಟುಕೊಂಡರೆ ಬರಿಯ ತೊಲೆಯ `EI` ಸುಮಾರು 17,200 ಕಿಲೋನ್ಯೂಟನ್-ಚದರ ಮೀಟರ್. ಈ ಸಂಖ್ಯೆಯನ್ನು ಕೊನೆಯವರೆಗೂ ಹೊರಗಿಟ್ಟು `EI` ಎಂದೇ ಬರೆಯುತ್ತ ಹೋಗುವುದು ಜಾಣತನ. ಮೊಮೆಂಟ್ ಎಡ ತುದಿಯಲ್ಲಿ ಸೊನ್ನೆ, 2 ಮೀಟರಿನಲ್ಲಿ 60, ನಡುವೆ 120. ಇದನ್ನು ಆಯಾ ಜಾಗದ ಗಡುಸಿನಿಂದ ಭಾಗಿಸಿದಾಗ ಕಲ್ಪಿತ ತೊಲೆಯ ಭಾರ ಸಿಗುತ್ತದೆ. ತುದಿಯಿಂದ 2 ಮೀಟರಿನವರೆಗೆ ಅದು ಸೊನ್ನೆಯಿಂದ 60ಕ್ಕೆ ಏರುತ್ತದೆ. ಅಲ್ಲಿ ಪ್ಲೇಟ್ ಶುರುವಾಗುತ್ತಿದ್ದಂತೆ ತಟ್ಟನೆ 30ಕ್ಕೆ ಬೀಳುತ್ತದೆ. ಮತ್ತೆ ಏರುತ್ತ ನಡುವೆ 60 ಮುಟ್ಟುತ್ತದೆ. ಬಲ ಅರ್ಧ ಇದರ ಕನ್ನಡಿ ಬಿಂಬ. ಎಲ್ಲವೂ `EI`ಯಿಂದ ಭಾಗಿಸಿದ ಸಂಖ್ಯೆಗಳೆಂದು ನೆನಪಿರಲಿ.

ಎಡ ಅರ್ಧದಲ್ಲಿ ಮೊದಲ ತ್ರಿಕೋನದ ವಿಸ್ತೀರ್ಣ 60. ಎರಡನೆಯ ತುಂಡನ್ನು 30 ಎತ್ತರದ ಆಯತ, ಅದರ ಮೇಲೆ 30 ಏರುವ ತ್ರಿಕೋನ ಎಂದು ಸೀಳಿದರೆ ಆಯತದ ವಿಸ್ತೀರ್ಣ 60, ತ್ರಿಕೋನದ್ದು 30. ಒಟ್ಟು 150. ಭಾರ ಎರಡೂ ಕಡೆ ಸಮವಾಗಿರುವುದರಿಂದ ಕಲ್ಪಿತ ಆಸರೆಯ ಪ್ರತಿಬಲವೂ 150. ಅದೇ ತುದಿಯ ಶಿಯರ್, ಆದ್ದರಿಂದ ತುದಿಯ ಓರೆ `150/EI`, ಅಂದರೆ 0.0087 ರೇಡಿಯನ್. ತುದಿಯ ಹತ್ತಿರ ಮೀಟರಿಗೆ ಸುಮಾರು 9 ಮಿಲಿಮೀಟರ್ ಇಳಿತ. ಕೋನದಲ್ಲಿ ಹೇಳಿದರೆ ಅರ್ಧ ಡಿಗ್ರಿ. ನಡುವಿನ ಜಗ್ಗಿಗೆ ಕಲ್ಪಿತ ತೊಲೆಯ ನಡುವಿನ ಮೊಮೆಂಟ್ ಬೇಕು. ಪ್ರತಿಬಲದ ಮೊಮೆಂಟ್ 150 × 4 = 600. ಅದರಿಂದ ಮೂರು ತುಂಡುಗಳ ಮೊಮೆಂಟನ್ನು ಕಳೆಯಬೇಕು. ಮೊದಲ ತ್ರಿಕೋನದ ಗುರುತ್ವ ಕೇಂದ್ರ ನಡುವಿನಿಂದ 2.667 ಮೀಟರ್ ದೂರದಲ್ಲಿದೆ, ಅದರ ಪಾಲು 160. ಆಯತದ ಕೇಂದ್ರ 1 ಮೀಟರ್ ದೂರ, ಪಾಲು 60. ಕೊನೆಯ ತ್ರಿಕೋನ ನಡುವಿನ ಕಡೆಗೆ ಎತ್ತರವಾಗಿರುವುದರಿಂದ ಅದರ ಕೇಂದ್ರ ನಡುವಿನಿಂದ 0.667 ಮೀಟರ್ ಮಾತ್ರ, ಪಾಲು 20. ಉಳಿದದ್ದು 360. ಜಗ್ಗು `360/EI`, ಅಂದರೆ 20.9 ಮಿಲಿಮೀಟರ್.

ಇದೇ ತೊಲೆಗೆ ಪ್ಲೇಟೇ ಇಲ್ಲದಿದ್ದರೆ ಜಗ್ಗು `640/EI`, 37.2 ಮಿಲಿಮೀಟರ್. ಹಳೆಯ ಐಎಸ್ 800 ಹೇಳುವ ಅಂತರದ 325ರಲ್ಲಿ ಒಂದು ಭಾಗ ಎಂಬ ಮಿತಿ ಇಲ್ಲಿ 24.6 ಮಿಲಿಮೀಟರ್ ಆಗುತ್ತದೆ. ಬರಿಯ ತೊಲೆ ಅದನ್ನು ದಾಟಿಬಿಡುತ್ತದೆ, ಪ್ಲೇಟ್ ಹಾಕಿದ ತೊಲೆ ಒಳಗೇ ನಿಲ್ಲುತ್ತದೆ. ಇನ್ನು ಎಂಟು ಮೀಟರಿಗೂ ಪ್ಲೇಟ್ ಹಾಕಿದ್ದರೆ? ಆಗ 320, ಅಂದರೆ 18.6 ಮಿಲಿಮೀಟರ್. ಅರ್ಧ ಉಕ್ಕಿನಿಂದ 640ರಿಂದ 360ಕ್ಕೆ ಇಳಿದದ್ದು, ಉಳಿದರ್ಧ ಉಕ್ಕು ಸೇರಿಸಿದರೂ ಇಳಿಯುವುದು ಇನ್ನು 40 ಮಾತ್ರ. ಒಟ್ಟು ಲಾಭದ ಎಂಟರಲ್ಲಿ ಏಳು ಪಾಲು ನಡುವಿನ ನಾಲ್ಕು ಮೀಟರಿನಲ್ಲೇ ದಕ್ಕಿತು.

ಇದಕ್ಕೆ ಕಾರಣ ಕಲ್ಪಿತ ತೊಲೆಯಲ್ಲಿ ನಿಚ್ಚಳವಾಗಿ ಕಾಣುತ್ತದೆ. ತುದಿಯ ಹತ್ತಿರ ಮೊಮೆಂಟ್ ಸಣ್ಣದು, ಆದ್ದರಿಂದ ಅಲ್ಲಿ ಕೂರುವ ಭಾರವೂ ಸಣ್ಣದು. ಸಾಲದ್ದಕ್ಕೆ ಆ ಭಾರ ಆಸರೆಯ ಪಕ್ಕದಲ್ಲೇ ಕೂತಿರುವುದರಿಂದ ನಡುವಿನ ಮೊಮೆಂಟಿಗೆ ಅದರ ಕೊಡುಗೆ ಮತ್ತಷ್ಟು ಸಣ್ಣದು. ಎರಡು ಸಣ್ಣತನಗಳು ಒಂದನ್ನೊಂದು ಗುಣಿಸಿಕೊಳ್ಳುತ್ತವೆ. ಬರಿಯ ತೊಲೆಯ 640ರಲ್ಲಿ ನಡುವಿನ ನಾಲ್ಕು ಮೀಟರಿನ ಪಾಲು 560. ಎರಡು ತುದಿಗಳ ನಾಲ್ಕು ಮೀಟರಿನದು ಬರೀ 80.

ಈಗ ಸರಾಸರಿಯ ಲೆಕ್ಕವನ್ನು ಪಕ್ಕದಲ್ಲಿಟ್ಟು ನೋಡಬಹುದು. ಅರ್ಧ ಉದ್ದ `I`, ಅರ್ಧ ಉದ್ದ `2I`, ಸರಾಸರಿ `1.5I`. ಸಿದ್ಧ ಸೂತ್ರಕ್ಕೆ ಹಾಕಿದರೆ ಸುಮಾರು 427, ಅಂದರೆ 24.8 ಮಿಲಿಮೀಟರ್. ನಿಜವಾದ 20.9ಕ್ಕಿಂತ ಸುಮಾರು ಶೇ 18 ಹೆಚ್ಚು. ಇಲ್ಲಿ ಅದು ತೀರ್ಪನ್ನೇ ಬದಲಿಸುತ್ತದೆ: 24.6ರ ಮಿತಿಗೆ ಸರಾಸರಿಯ ಲೆಕ್ಕದಲ್ಲಿ ತೊಲೆ ನಪಾಸು, ನಿಜದಲ್ಲಿ ಆರಾಮವಾಗಿ ಪಾಸು. ತಪ್ಪಿದರೂ ಕ್ಷೇಮದ ಕಡೆಗೇ ತಪ್ಪಿತಲ್ಲ ಎಂದು ಸಮಾಧಾನಪಟ್ಟುಕೊಳ್ಳುವಂತಿಲ್ಲ. ಅದೇ ಪ್ಲೇಟುಗಳನ್ನು ತುಂಡರಿಸಿ ನಡುವೆ ಬಿಟ್ಟು ಎರಡು ತುದಿಗಳ ಎರಡೆರಡು ಮೀಟರಿಗೆ ಹಾಕಿದ ತೊಲೆಯನ್ನು ಊಹಿಸಿಕೊಂಡರೆ ಸಾಕು. ಸರಾಸರಿ ಆಗಲೂ `1.5I`, ಉತ್ತರ ಆಗಲೂ 24.8. ನಿಜವಾದ ಜಗ್ಗು ಮಾತ್ರ 560 + 40 = 600, ಅಂದರೆ 34.9 ಮಿಲಿಮೀಟರ್. ಒಂದೇ ಉಕ್ಕು, ಒಂದೇ ಸರಾಸರಿ. ಒಂದು ತೊಲೆ 21 ಮಿಲಿಮೀಟರ್ ಜಗ್ಗುತ್ತದೆ, ಇನ್ನೊಂದು 35. ಉಕ್ಕು ಎಷ್ಟಿದೆ ಎಂಬುದು ಸರಾಸರಿಗೆ ಗೊತ್ತು, ಎಲ್ಲಿದೆ ಎಂಬುದು ಗೊತ್ತಿಲ್ಲ. ಜಗ್ಗನ್ನು ನಿರ್ಧರಿಸುವುದು ಎಲ್ಲಿದೆ ಎಂಬುದೇ.

ಭಾರ ನಡುವೆ ಇದ್ದಾಗ ಎರಡೂ ಅರ್ಧಗಳು ಸಮವಾಗಿ ಲೆಕ್ಕ ಹಗುರವಾಯಿತು. ಅದೇ 60 ಕಿಲೋನ್ಯೂಟನ್ ಭಾರವನ್ನು ಎಡ ತುದಿಯಿಂದ 6 ಮೀಟರಿಗೆ, ಸರಿಯಾಗಿ ಪ್ಲೇಟ್ ಮುಗಿಯುವ ಜಾಗಕ್ಕೆ, ಸರಿಸಿದರೆ ವಿಧಾನದ ನಿಜವಾದ ಅನುಕೂಲ ತಿಳಿಯುತ್ತದೆ. ಆಸರೆಗಳ ಪ್ರತಿಬಲ ಎಡಕ್ಕೆ 15, ಬಲಕ್ಕೆ 45. ಮೊಮೆಂಟ್ 6 ಮೀಟರಿನವರೆಗೆ ಒಂದೇ ಸಮನೆ ಏರಿ 90 ಮುಟ್ಟಿ, ಅಲ್ಲಿಂದ ಬಲ ತುದಿಗೆ ಇಳಿಯುತ್ತದೆ. ಕಲ್ಪಿತ ಭಾರ ಮೊದಲ 2 ಮೀಟರಿನಲ್ಲಿ ಸೊನ್ನೆಯಿಂದ 30ಕ್ಕೆ ಏರುತ್ತದೆ, 15ಕ್ಕೆ ಬೀಳುತ್ತದೆ, 6 ಮೀಟರಿನ ಹೊತ್ತಿಗೆ 45 ಆಗುತ್ತದೆ, ಪ್ಲೇಟ್ ಮುಗಿದೊಡನೆ 90ಕ್ಕೆ ಜಿಗಿದು ತುದಿಯಲ್ಲಿ ಸೊನ್ನೆಯಾಗುತ್ತದೆ. ದ್ವಿಗುಣ ಅನುಕಲನದಿಂದ ಇದನ್ನು ಬಿಡಿಸಲು ಹೊರಟರೆ ಮೂರು ಖಂಡಗಳು, ಆರು ಸ್ಥಿರಾಂಕಗಳು, ಅವನ್ನು ಬಿಡಿಸಲು ಆರು ಸಮೀಕರಣಗಳು. ಇಲ್ಲಿ ಬೇಕಾದದ್ದು ಕಲ್ಪಿತ ತೊಲೆಯ ಎರಡು ಪ್ರತಿಬಲಗಳು ಮಾತ್ರ.

ನಾಲ್ಕು ತುಂಡುಗಳ ವಿಸ್ತೀರ್ಣ ಅನುಕ್ರಮವಾಗಿ 30, 60, 60, 90, ಒಟ್ಟು 240. ಬಲ ತುದಿಯ ಸುತ್ತ ಅವುಗಳ ಮೊಮೆಂಟ್ 200, 240, 200, 120, ಒಟ್ಟು 760. ಎಂಟರಿಂದ ಭಾಗಿಸಿದರೆ ಎಡ ಪ್ರತಿಬಲ 95, ಉಳಿದ 145 ಬಲದ್ದು. ಹಾಗಾದರೆ ಎಡ ತುದಿಯ ಓರೆ `95/EI`, ಬಲ ತುದಿಯದು `145/EI`. ಈ 145ನ್ನು ಒಟ್ಟಿನಿಂದ ಕಳೆದು ಪಡೆಯುವುದರ ಬದಲು ಎಡ ತುದಿಯ ಸುತ್ತ ಮತ್ತೊಮ್ಮೆ ಮೊಮೆಂಟ್ ತೆಗೆದು ಪಡೆಯುವುದು ಒಳ್ಳೆಯ ಅಭ್ಯಾಸ. ಎರಡರಲ್ಲಿ ಒಂದು ಲೆಕ್ಕದಲ್ಲಿ ಯಾವುದಾದರೂ ತ್ರಿಕೋನದ ಗುರುತ್ವ ಕೇಂದ್ರವನ್ನು ತಪ್ಪು ಬದಿಯಿಂದ ಅಳೆದಿದ್ದರೆ ಎರಡೂ ಸೇರಿ 240 ಆಗುವುದಿಲ್ಲ, ತಪ್ಪು ಕೂಡಲೇ ಸಿಕ್ಕಿಬೀಳುತ್ತದೆ. ಇಲ್ಲಿ ಆ ಮೊಮೆಂಟ್ 1,160 ಬರುತ್ತದೆ, ಎಂಟರಿಂದ ಭಾಗಿಸಿದರೆ 145.

ಅತಿ ಹೆಚ್ಚು ಜಗ್ಗು ಎಲ್ಲಿ? ಓರೆ ಸೊನ್ನೆಯಾಗುವಲ್ಲಿ, ಅಂದರೆ ಕಲ್ಪಿತ ಶಿಯರ್ ಸೊನ್ನೆಯಾಗುವಲ್ಲಿ. ಎಡದಿಂದ 95ರೊಂದಿಗೆ ಹೊರಟು 2 ಮೀಟರ್ ದಾಟುವಾಗ 65 ಉಳಿದಿರುತ್ತದೆ. ಅಲ್ಲಿಂದ `s` ಮೀಟರ್ ಮುಂದೆ ಹೋದಾಗ ಕೂಡಿಬರುವ ಭಾರ 65 ಆಗಬೇಕು:

```
15s + 3.75s² = 65
```

ಇದರಿಂದ `s` 2.62, ಅಂದರೆ ಎಡ ತುದಿಯಿಂದ 4.62 ಮೀಟರ್. ಅಲ್ಲಿಯ ಕಲ್ಪಿತ ಮೊಮೆಂಟ್ ಸುಮಾರು 266, ಜಗ್ಗು 15.5 ಮಿಲಿಮೀಟರ್. ನಡುಮಧ್ಯದ ಜಗ್ಗು 260, ಅಂದರೆ 15.1. ಭಾರ 6 ಮೀಟರಿನಲ್ಲಿದ್ದರೂ ಅತಿ ಹೆಚ್ಚು ಜಗ್ಗುವ ಬಿಂದು ನಡುವಿನಿಂದ ಅರವತ್ತೆರಡು ಸೆಂಟಿಮೀಟರ್ ಮಾತ್ರ ಸರಿದಿದೆ, ಎರಡು ಜಗ್ಗುಗಳ ವ್ಯತ್ಯಾಸ ಅರ್ಧ ಮಿಲಿಮೀಟರಿಗೂ ಕಡಿಮೆ. ಛೇದ ಒಂದೇ ಆಗಿದ್ದರೆ ಆ ಬಿಂದು 4.47 ಮೀಟರಿನಲ್ಲಿರುತ್ತಿತ್ತು. ಬಲ ತುದಿಯ ಪ್ಲೇಟಿಲ್ಲದ ಎರಡು ಮೀಟರಿನಲ್ಲಿ ಮೊಮೆಂಟ್ ದೊಡ್ಡದಿರುವುದರಿಂದ ಕಲ್ಪಿತ ಭಾರ ಅತ್ತ ವಾಲಿದೆ, ಬಿಂದುವೂ ಅತ್ತ ಸರಿದಿದೆ.

ಈ 260 ಎಂಬ ಸಂಖ್ಯೆ ಸರಿಯೋ ಎಂದು ನೋಡಲು ಸ್ವತಂತ್ರವಾದ ಒಂದು ಪರೀಕ್ಷೆ ಇದೆ. ಜೇಮ್ಸ್ ಕ್ಲಾರ್ಕ್ ಮ್ಯಾಕ್ಸ್‌ವೆಲ್ 1864ರಲ್ಲಿ ತೋರಿಸಿಕೊಟ್ಟ ಪರಸ್ಪರತೆಯ ನಿಯಮದಂತೆ, ಒಂದು ಬಿಂದುವಿನಲ್ಲಿಟ್ಟ ಭಾರದಿಂದ ಇನ್ನೊಂದು ಬಿಂದುವಿನಲ್ಲಾಗುವ ಜಗ್ಗು, ಆ ಭಾರವನ್ನು ಎರಡನೆಯ ಬಿಂದುವಿಗೆ ಸರಿಸಿದಾಗ ಮೊದಲನೆಯದರಲ್ಲಾಗುವ ಜಗ್ಗಿಗೆ ಸಮ. ಛೇದ ಹೇಗೆ ಬದಲಾದರೂ ಈ ನಿಯಮ ಅಲುಗದು. ಭಾರ ನಡುವೆ ಇದ್ದ ಮೊದಲ ಲೆಕ್ಕದಲ್ಲಿ 6 ಮೀಟರಿನ ಜಗ್ಗು, ಸಮತೆಯಿಂದ 2 ಮೀಟರಿನ ಜಗ್ಗೇ. ಪ್ರತಿಬಲ 150 × 2 = 300, ಅದರಿಂದ ಮೊದಲ ತ್ರಿಕೋನದ 60 × 0.667 = 40 ಕಳೆದರೆ 260. ಎರಡು ಬೇರೆ ಬೇರೆ ನಕ್ಷೆಗಳಿಂದ ಒಂದೇ ಸಂಖ್ಯೆ ಬಂದಿತು. ಛೇದ ಬದಲಾಗುವ ತೊಲೆಗೆ ಕೈಪಿಡಿಯ ಉತ್ತರ ಸಿಗುವುದು ಅಪರೂಪವಾದ್ದರಿಂದ ಇಂಥ ಪರೀಕ್ಷೆಗೆ ಬಹಳ ಬೆಲೆ.

ಲೆಕ್ಕ ಕೆಡುವುದು ಹೆಚ್ಚಾಗಿ ಮೆಟ್ಟಿಲಿನ ಹತ್ತಿರವೇ. ಪ್ಲೇಟ್ ಮುಗಿಯುವ ಬಿಂದುವಿನಲ್ಲಿ ಕಲ್ಪಿತ ಭಾರಕ್ಕೆ ಎರಡು ಬೆಲೆಗಳಿರಬೇಕು, ಎಡಕ್ಕೊಂದು ಬಲಕ್ಕೊಂದು. ಒಂದೇ ಬೆಲೆ ಬರೆದು ಮುಂದಿನ ಬಿಂದುವಿಗೆ ಗೆರೆ ಎಳೆದರೆ ಮೆಟ್ಟಿಲು ಇಳಿಜಾರಾಗಿ ಹೋಗಿ, ಒಂದು ತುಂಡಿನ ಭಾರ ಪಕ್ಕದ ತುಂಡಿಗೆ ಸೋರಿಹೋಗುತ್ತದೆ. ಇನ್ನೊಂದು ತಪ್ಪು ಇದಕ್ಕೆ ವಿರುದ್ಧವಾದದ್ದು: ಭಾರ ಜಿಗಿಯಿತು, ಆದ್ದರಿಂದ ಓರೆಯೂ ಜಿಗಿಯುತ್ತದೆ ಎಂದು ನಂಬಿ ಆ ಬಿಂದುವಿನ ಓರೆಯನ್ನೂ ಅರ್ಧ ಮಾಡುವುದು. ಹರಡಿದ ಭಾರ ತಟ್ಟನೆ ಬದಲಾದರೆ ಶಿಯರ್ ನಕ್ಷೆಯ ಏರಿಳಿತದ ವೇಗ ಬದಲಾಗುತ್ತದೆ, ಶಿಯರ್ ಮುರಿಯುವುದಿಲ್ಲ. ನಿಜವಾದ ತೊಲೆಯಲ್ಲೂ ಹಾಗೆಯೇ: ಪ್ಲೇಟಿನ ಅಂಚಿನಲ್ಲಿ ವಕ್ರತೆ ಬದಲಾಗುತ್ತದೆ, ಓರೆ ಒಂದೇ ಆಗಿರುತ್ತದೆ. ಭಾರ ನಡುವೆ ಇದ್ದ ಲೆಕ್ಕದಲ್ಲಿ ಆ ಬಿಂದುವಿನ ಓರೆ ಎಡದಿಂದ ಬಂದರೆ 150 − 60 = 90; ನಡುವಿನ ಸೊನ್ನೆಯಿಂದ ಹಿಂದಕ್ಕೆ ಬಂದರೆ 60 + 30 = 90. ಎರಡೂ ಹೊಂದದಿದ್ದರೆ ತೊಲೆ ಅಲ್ಲಿ ಮುರಿದು ಗೂನು ಬಿದ್ದಿದೆ ಎಂದಾಗುತ್ತದೆ, ಲೆಕ್ಕ ತಪ್ಪು ಎಂದೇ ಅರ್ಥ.

ಮೆಟ್ಟಿಲಿಲ್ಲದೆ ತೊಲೆಯ ಎತ್ತರವೇ ಸಾವಕಾಶವಾಗಿ ಏರುತ್ತ ಹೋದರೂ ವಿಧಾನ ಅದೇ. ಆಗ `M/EI` ನಕ್ಷೆ ತ್ರಿಕೋನ ಆಯತಗಳಾಗಿ ಒಡೆಯದು, ಬಾಗಿದ ಗೆರೆಯಾಗುತ್ತದೆ. ಉದ್ದವನ್ನು ಸಮ ಪಟ್ಟಿಗಳಾಗಿ ಸೀಳಿ ಪ್ರತಿ ಗೆರೆಯಲ್ಲೂ `M/EI` ಬರೆದು ಸಿಂಪ್ಸನ್ನನ ನಿಯಮದಿಂದ ಕೂಡಿಸಿದರೆ ಸಾಕಷ್ಟು ನಿಖರವಾದ ಉತ್ತರ ಬರುತ್ತದೆ. ಒಂದೇ ಎಚ್ಚರಿಕೆ: ಎಲ್ಲಾದರೂ ಛೇದ ತಟ್ಟನೆ ಬದಲಾಗುವ ಅಥವಾ ಬಿಂದುಭಾರ ಕೂತ ಜಾಗವಿದ್ದರೆ ಅದು ಪಟ್ಟಿಗಳ ಗುಂಪಿನ ಅಂಚಿಗೇ ಬರಬೇಕು, ಒಳಗೆ ಬೀಳಬಾರದು.

ವಿಧಾನ ಹೇಳದ ಸಂಗತಿಗಳೂ ಇವೆ. ಮೊದಲನೆಯದು ಶಿಯರಿನಿಂದಾಗುವ ಜಗ್ಗು. `M/EI` ಬಾಗುವಿಕೆಯನ್ನು ಮಾತ್ರ ಎಣಿಸುತ್ತದೆ. ನಡುವೆ ಭಾರ ಹೊತ್ತ ಈ ತೊಲೆಯಲ್ಲಿ ನಡುಪಟ್ಟಿಯ ಶಿಯರ್ ವಿರೂಪದಿಂದ ಇನ್ನು ಸುಮಾರು 0.7 ಮಿಲಿಮೀಟರ್ ಕೂಡುತ್ತದೆ. ಎಂಟು ಮೀಟರಿನ ತೊಲೆಗೆ ಅದು ಶೇ 3ರಷ್ಟು, ಬಿಟ್ಟುಬಿಡಬಹುದು. ಉದ್ದ ಕಡಿಮೆಯಾಗಿ ಎತ್ತರ ಹೆಚ್ಚಾದಂತೆ ಬಿಡಲಾಗದು.

ಎರಡನೆಯದು ಈ ತೊಲೆಗೇ ವಿಶೇಷವಾದದ್ದು. ನಕ್ಷೆಯಲ್ಲಿ ಮೆಟ್ಟಿಲು ಲಂಬವಾಗಿದೆ, ಅಂದರೆ ಪ್ಲೇಟ್ ಶುರುವಾದ ಮೊದಲ ಮಿಲಿಮೀಟರಿನಿಂದಲೇ ಪೂರ್ತಿ ಕೆಲಸ ಮಾಡುತ್ತಿದೆ ಎಂದು ಲೆಕ್ಕ ನಂಬಿದೆ. ನಡುವೆ ಭಾರ ಇದ್ದಾಗ ಆ ಅಂಚಿನಲ್ಲಿ ಪ್ಲೇಟಿನ ಪಾಲಿಗೆ ಲೆಕ್ಕದಂತೆ ಬರಬೇಕಾದ ಬಲ ಸುಮಾರು 97 ಕಿಲೋನ್ಯೂಟನ್. ಕತ್ತರಿಸಿದ ಪ್ಲೇಟಿನ ಬರಿಯ ತುದಿಯಲ್ಲಿ ಅಷ್ಟು ಬಲ ಇರಲು ಸಾಧ್ಯವೇ ಇಲ್ಲ. ಅಲ್ಲಿ ಅದು ಸೊನ್ನೆ. ಬಲ ತೊಲೆಯಿಂದ ಪ್ಲೇಟಿಗೆ ವೆಲ್ಡಿನ ಮೂಲಕ ಸ್ವಲ್ಪ ಸ್ವಲ್ಪವಾಗಿ ದಾಟಬೇಕು, ಅದಕ್ಕೆ ಒಂದಿಷ್ಟು ಉದ್ದ ಬೇಕು. ಪ್ರತಿ ತುದಿಯಲ್ಲಿ ಮೊದಲ 20 ಸೆಂಟಿಮೀಟರ್ ಪ್ಲೇಟ್ ಇಲ್ಲವೆಂದೇ ಎಣಿಸಿದರೆ 360 ಇದ್ದದ್ದು 373 ಆಗುತ್ತದೆ, ಜಗ್ಗು 0.8 ಮಿಲಿಮೀಟರಿನಷ್ಟು ಏರುತ್ತದೆ. ಪ್ಲೇಟನ್ನು ಲೆಕ್ಕದಲ್ಲಿ ಬೇಕಾದ ಬಿಂದುವಿನಿಂದ ಆಚೆಗೂ ಒಂದಷ್ಟು ಚಾಚಿ, ಆ ಚಾಚಿದ ಭಾಗದ ವೆಲ್ಡ್ ಇಡೀ ಬಲವನ್ನು ದಾಟಿಸುವಂತೆ ಮಾಡುವ ರೂಢಿ ಇದಕ್ಕಾಗಿಯೇ. ಹಾಗೆ ಚಾಚಿದ್ದರೆ ಲಂಬ ಮೆಟ್ಟಿಲಿನ ಲೆಕ್ಕ ನಿಜಕ್ಕೆ ಬಹಳ ಹತ್ತಿರ ನಿಲ್ಲುತ್ತದೆ. ಆದರೆ ಆ ಅಂಚಿನಲ್ಲೇ ಪೀಡನ ಒಟ್ಟುಗೂಡಿ, ಮತ್ತೆ ಮತ್ತೆ ಭಾರ ಬಂದು ಹೋಗುವ ತೊಲೆಗಳಲ್ಲಿ ವೆಲ್ಡಿನ ಕೊನೆಯಿಂದ ಬಿರುಕು ಹೊರಡುವ ಅಪಾಯವನ್ನು ಈ ನಕ್ಷೆ ಕಿಂಚಿತ್ತೂ ಸೂಚಿಸದು. ಅದಕ್ಕೆ ಬೇರೆ ಲೆಕ್ಕ ಬೇಕು.

ಮೂರನೆಯ ಮಿತಿ ಸರಳ ಆಸರೆಯಿಂದ ಆಚೆ ಹೋದಾಗ ಎದುರಾಗುತ್ತದೆ. ಇಲ್ಲಿಯ ಸುಲಭವೆಲ್ಲ ಮೊಮೆಂಟಿನ ನಕ್ಷೆ ಛೇದವನ್ನು ಅವಲಂಬಿಸಿಲ್ಲ ಎಂಬುದರ ಮೇಲೆ ನಿಂತಿದೆ. ತುದಿಗಳನ್ನು ಬಿಗಿ ಮಾಡಿದರೆ, ಅಥವಾ ತೊಲೆ ನಡುವೆ ಮೂರನೆಯ ಆಸರೆಯ ಮೇಲೂ ಹಾದುಹೋದರೆ, ಪ್ಲೇಟ್ ಎಲ್ಲಿದೆ ಎಂಬುದು ಮೊಮೆಂಟನ್ನೇ ಬದಲಿಸುತ್ತದೆ. ಗಡುಸಾದ ಭಾಗ ಹೆಚ್ಚು ಮೊಮೆಂಟನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಕಾಂಜುಗೇಟ್ ಬೀಮ್ ಆಗಲೂ ಉಪಯೋಗಕ್ಕೆ ಬರುತ್ತದೆ, ಆದರೆ ಕೆಲಸ ಬೇರೆ. ತುದಿಯ ಮೊಮೆಂಟುಗಳನ್ನು ಅಜ್ಞಾತವೆಂದು ಇಟ್ಟುಕೊಂಡು, ಅವುಗಳ `M/EI` ನಕ್ಷೆಯನ್ನೂ ಕಲ್ಪಿತ ತೊಲೆಯ ಮೇಲೆ ಹೇರಿ, ಬಿಗಿ ತುದಿಯಲ್ಲಿ ಓರೆಯೂ ಜಗ್ಗೂ ಸೊನ್ನೆಯಾಗಬೇಕೆಂಬ ಷರತ್ತಿನಿಂದ ಅವನ್ನು ಬಿಡಿಸಬೇಕು. ಎರಡು ತುದಿಯೂ ಬಿಗಿಯಾಗಿದ್ದರೆ ಕಲ್ಪಿತ ತೊಲೆಗೆ ಆಸರೆಯೇ ಇರುವುದಿಲ್ಲ. ಮೇಲ್ಮುಖ ಕೆಳಮುಖ ಭಾರಗಳು ತಾವಾಗಿಯೇ ಒಂದನ್ನೊಂದು ಸರಿದೂಗಿಸಿ ಅದನ್ನು ಸಮತೋಲದಲ್ಲಿ ನಿಲ್ಲಿಸಬೇಕಾಗುತ್ತದೆ.